ಕುಡಿತ ಬಿಟ್ಟ ಮೂರನೇ ದಿನ ಮಿದುಳಲ್ಲಿ ಏನಾಗುತ್ತದೆ? ಗಾಬಾ, ಗ್ಲುಟಮೇಟ್, ಡೋಪಮೈನ್, ಸೆರೊಟೋನಿನ್: ಪದೇ ಪದೇ ಕೇಳುವ ಪ್ರಶ್ನೆಗಳು

ನಾನು ಮನೋರೋಗ ವಿಭಾಗದ ವಾರ್ಡಿನಲ್ಲಿ ಕೆಲಸ ಮಾಡುವ ಡಾಕ್ಟರ್. ಈ ಪ್ರಶ್ನೆಗಳಲ್ಲಿ ಹೆಚ್ಚಿನವು ರೋಗಿಗಳ ಮನೆಯವರು ಕಾರಿಡಾರಿನಲ್ಲಿ ನಿಲ್ಲಿಸಿ ಕೇಳಿದವು, ಕೆಲವು ನರ್ಸಿಂಗ್ ವಿದ್ಯಾರ್ಥಿಗಳು ಕೇಳಿದವು. ನ್ಯೂರೋಟ್ರಾನ್ಸ್‌ಮಿಟರ್‌ಗಳ ಬಗ್ಗೆ ಪುಸ್ತಕದಲ್ಲಿ ಓದಿದರೆ ತಲೆಗೆ ಹತ್ತುವುದು ಕಷ್ಟ. ಕುಡಿತ ಥಟ್ಟನೆ ನಿಲ್ಲಿಸಿದ ಒಬ್ಬ ಮನುಷ್ಯನನ್ನು ಐದು ದಿನ ನೋಡಿದರೆ ಎಲ್ಲಾ ಕಣ್ಣ ಮುಂದೆಯೇ ನಡೆಯುತ್ತದೆ. ಅದಕ್ಕೇ ಆ ದಾರಿ ಹಿಡಿದಿದ್ದೇನೆ.

ನಮ್ಮ ಯಜಮಾನರು ಮಾಲೆ ಹಾಕಿ ಕುಡಿತ ಬಿಟ್ಟರು. ಬಿಟ್ಟ ಮೇಲೆ ಫಿಟ್ಸ್ ಬಂತು. ಕುಡಿಯುವಾಗ ಬರದ್ದು ಬಿಟ್ಟಾಗ ಯಾಕೆ ಬಂತು?

ನವೆಂಬರ್‌ನಿಂದ ಜನವರಿವರೆಗೆ ಈ ಪ್ರಶ್ನೆ ನಮಗೆ ತಪ್ಪಿದ್ದಲ್ಲ. ಒಂದು ಕೇಸ್ ಹೇಳುತ್ತೇನೆ, ಗುರುತು ಸಿಗದ ಹಾಗೆ ವಿವರ ಬದಲಿಸಿದ್ದೇನೆ.

ಲಾರಿ ಡ್ರೈವರ್, 44 ವರ್ಷ. ಇಪ್ಪತ್ತು ವರ್ಷದ ಕುಡಿತ, ಈಚೆಗೆ ದಿನಕ್ಕೆ ಮೂರು ಕ್ವಾರ್ಟರ್. ಒಂದು ಕ್ವಾರ್ಟರ್ ಅಂದರೆ 180 ಮಿಲಿ, ಅದರಲ್ಲಿ ನೂರಕ್ಕೆ 42.8 ಭಾಗ ಆಲ್ಕೋಹಾಲ್, ತೂಕದಲ್ಲಿ ಸುಮಾರು 60 ಗ್ರಾಂ. ಮೂರಕ್ಕೆ 180 ಗ್ರಾಂ ಆಯಿತು. ಬೆಳಿಗ್ಗೆ ಕೈ ನಡುಕ ನಿಲ್ಲಲು ಮೊದಲು ಒಂದು ನೈಂಟಿ ಬೇಕಿತ್ತು.

ಭಾನುವಾರ ರಾತ್ರಿ ಒಂಬತ್ತೂವರೆಗೆ ಕೊನೆಯ ಗ್ಲಾಸ್. ಸೋಮವಾರ ಬೆಳಗಿನ ಜಾವ ಮಾಲೆ ಹಾಕಿದರು. ಆರು ಗಂಟೆ ಹೊತ್ತಿಗೆ ಕೈ ನಡುಗಲು ಶುರು, ಕಾಫಿ ಲೋಟ ಎರಡೂ ಕೈಯಲ್ಲಿ ಹಿಡಿದರೂ ಚೆಲ್ಲುತ್ತಿತ್ತಂತೆ. ಸಂಜೆ ಬೆವರು, ವಾಂತಿ, ರಾತ್ರಿ ನಿದ್ದೆ ಇಲ್ಲ. ಮಂಗಳವಾರ ಬೆಳಿಗ್ಗೆ ಐದೂವರೆಗೆ ತಣ್ಣೀರು ಸ್ನಾನ ಮಾಡುತ್ತಿದ್ದವರು ಬಚ್ಚಲಲ್ಲೇ ಬಿದ್ದು ಒದ್ದಾಡಿದರು. ಮನೆಯವರು ಕೈಗೆ ಬೀಗದ ಕೈ ಗೊಂಚಲು ಕೊಟ್ಟರು. ಹತ್ತಿರದ ಆಸ್ಪತ್ರೆಯಲ್ಲಿ ತಲೆ ಸ್ಕ್ಯಾನ್ ಮಾಡಿ ನಾರ್ಮಲ್ ಅಂದರು, ಫಿಟ್ಸ್ ಮಾತ್ರೆ ಬರೆದು ಮನೆಗೆ ಕಳಿಸಿದರು. ಎಷ್ಟು ಕುಡಿಯುತ್ತಿದ್ದರು, ಯಾವಾಗ ಬಿಟ್ಟರು ಅಂತ ಯಾರೂ ಕೇಳಲಿಲ್ಲ, ಮನೆಯವರೂ ಹೇಳಲಿಲ್ಲ. ಮಾಲೆ ಹಾಕಿದವರ ಬಗ್ಗೆ ಆ ಮಾತು ಎತ್ತಲು ಸಂಕೋಚ. ಬುಧವಾರ ರಾತ್ರಿ ಗೋಡೆಯ ಮೇಲೆ ಇರುವೆ ಸಾಲು ಕಾಣಿಸತೊಡಗಿತು. ಗುರುವಾರ ಬೆಳಿಗ್ಗೆ ನಮ್ಮಲ್ಲಿಗೆ ಬಂದಾಗ ಅವರು ಹಾಸಿಗೆ ಮೇಲೆ ಕೂತು ಲಾರಿ ಓಡಿಸುತ್ತಿದ್ದರು. ನಿಜವಾಗಲೂ, ಇಲ್ಲದ ಸ್ಟೀರಿಂಗ್ ತಿರುಗಿಸಿ, ಇಲ್ಲದ ಗೇರ್ ಹಾಕಿ, ಕ್ಲೀನರ್‌ಗೆ ಬೈಯುತ್ತಿದ್ದರು. ನಾಡಿ 130, ಬಿಪಿ 170/110, ಜ್ವರ 101.

ಯಾಕೆ ಹೀಗಾಯಿತು ಅನ್ನುವುದಕ್ಕೆ ಗಾಬಾ ಮತ್ತು ಗ್ಲುಟಮೇಟ್ ಎರಡನ್ನೂ ಒಟ್ಟಿಗೆ ನೋಡಬೇಕು.

ಗಾಬಾ, ಗ್ಲುಟಮೇಟ್ ಅಂದರೆ ಏನು? ಸುಲಭವಾಗಿ ಹೇಳಿ.

ಮಿದುಳಿನ ನರಕೋಶಗಳು ಒಂದಕ್ಕೊಂದು ಅಂಟಿಕೊಂಡಿರುವುದಿಲ್ಲ, ನಡುವೆ ಸಣ್ಣ ಸಂದು ಇರುತ್ತದೆ. ಒಂದು ಕೋಶ ಆ ಸಂದಿಗೆ ರಾಸಾಯನಿಕ ಬಿಡುತ್ತದೆ, ಎದುರಿನ ಕೋಶದ ಮೇಲಿರುವ ರಿಸೆಪ್ಟರ್ ಅದನ್ನು ಹಿಡಿದುಕೊಳ್ಳುತ್ತದೆ. ಗ್ಲುಟಮೇಟ್ ಬಂದರೆ ಎದುರಿನ ಕೋಶ ಎಚ್ಚರಗೊಳ್ಳುತ್ತದೆ. ಗಾಬಾ ಬಂದರೆ ಸುಮ್ಮನಾಗುತ್ತದೆ. ದೊಡ್ಡವರ ಮಿದುಳಿನಲ್ಲಿ ಎಬ್ಬಿಸುವ ಕೆಲಸದ ಬಹುಪಾಲು ಗ್ಲುಟಮೇಟ್‌ದು, ಸುಮ್ಮನಾಗಿಸುವ ಕೆಲಸದ ಬಹುಪಾಲು ಗಾಬಾದ್ದು. ಡೋಪಮೈನ್, ಸೆರೊಟೋನಿನ್‌ಗೆ ಹೆಸರು ಜಾಸ್ತಿ, ಆದರೆ ಅವನ್ನು ತಯಾರಿಸುವ ಕೋಶಗಳು ಬಹಳ ಕಮ್ಮಿ.

ಇನ್ನೊಂದು ಮಜಾ ಏನೆಂದರೆ ಗಾಬಾ ತಯಾರಾಗುವುದೇ ಗ್ಲುಟಮೇಟ್‌ನಿಂದ. ಒಂದು ಕಿಣ್ವ ಗ್ಲುಟಮೇಟ್‌ನ ಒಂದು ತುಂಡು ಕತ್ತರಿಸುತ್ತದೆ, ಅಷ್ಟೇ, ಎಬ್ಬಿಸುವವನು ಮಲಗಿಸುವವನಾಗುತ್ತಾನೆ. ಆ ಕಿಣ್ವಕ್ಕೆ ಬಿ6 ವಿಟಮಿನ್ ಬೇಕು. ಟಿಬಿಗೆ ಕೊಡುವ ಐಸೋನಿಯಾಜಿಡ್ ಮಾತ್ರೆಯನ್ನು ಯಾರಾದರೂ ಒಟ್ಟಿಗೆ ಹಿಡಿಗಟ್ಟಲೆ ನುಂಗಿದರೆ ಬಿ6 ಕೆಲಸ ಕೆಡುತ್ತದೆ, ಗಾಬಾ ಖಾಲಿಯಾಗುತ್ತದೆ, ಫಿಟ್ಸ್ ಬರುತ್ತದೆ. ಅದಕ್ಕೆ ಮದ್ದು ಬಿ6 ಇಂಜೆಕ್ಷನ್ನೇ.

ರಿಸೆಪ್ಟರ್‌ನಲ್ಲಿ ನಿಜವಾಗಿ ಏನು ನಡೆಯುತ್ತದೆ?

ಗಾಬಾ-ಎ ರಿಸೆಪ್ಟರ್ ಐದು ತುಂಡುಗಳು ದುಂಡಗೆ ಸೇರಿ ಆದ ಒಂದು ಕೊಳವೆ. ಗಾಬಾ ಬಂದು ಕೂತರೆ ಬಾಯಿ ತೆರೆಯುತ್ತದೆ, ಹೊರಗಿನ ಕ್ಲೋರೈಡ್ ಒಳಗೆ ನುಗ್ಗುತ್ತದೆ. ಉಪ್ಪಿನಲ್ಲಿರುವ ಅದೇ ಕ್ಲೋರೈಡ್. ಅದಕ್ಕೆ ಋಣ ವಿದ್ಯುತ್ ಇದೆ. ಸುಮ್ಮನಿರುವ ಕೋಶದ ಒಳಗೆ ಮೊದಲೇ ಸುಮಾರು ಮೈನಸ್ 70 ಮಿಲಿವೋಲ್ಟ್ ಇರುತ್ತದೆ, ಕ್ಲೋರೈಡ್ ಬಂದರೆ ಅದು ಇನ್ನೂ ಕೆಳಗಿಳಿಯುತ್ತದೆ ಅಥವಾ ಅಲ್ಲೇ ಹಿಡಿದಿಟ್ಟ ಹಾಗಾಗುತ್ತದೆ. ಆ ಕೋಶವನ್ನು ಎಬ್ಬಿಸುವುದು ಕಷ್ಟವಾಗುತ್ತದೆ.

ಗ್ಲುಟಮೇಟ್‌ಗೆ ಹಲವು ರಿಸೆಪ್ಟರ್ ಇವೆ. ನಮ್ಮ ಕಥೆಗೆ ಬೇಕಾದದ್ದು ಎನ್‌ಎಂಡಿಎ. ಇದರ ಬಾಯಿಗೆ ಮೆಗ್ನೀಷಿಯಂ ಬಿರಡೆ ಹಾಕಿದಂತೆ ಕೂತಿರುತ್ತದೆ. ಗ್ಲುಟಮೇಟ್ ಬಂದರಷ್ಟೇ ಸಾಲದು, ಕೋಶ ಮೊದಲೇ ಸ್ವಲ್ಪ ಎಚ್ಚರಗೊಂಡಿದ್ದರೆ ಮಾತ್ರ ಬಿರಡೆ ಹಾರಿ ಕ್ಯಾಲ್ಸಿಯಂ ಒಳಗೆ ಬರುತ್ತದೆ. ನಾವು ಏನಾದರೂ ಕಲಿಯಲು, ನೆನಪಿಡಲು ಈ ಕ್ಯಾಲ್ಸಿಯಂ ಬೇಕು. ವಿಪರೀತ ಬಂದರೆ ಅದೇ ಕೋಶವನ್ನು ಕೊಲ್ಲುತ್ತದೆ.

ಆಲ್ಕೋಹಾಲ್ ಈ ಎರಡರ ಮೇಲೂ ಕೈಯಾಡಿಸುತ್ತದೆ. ಗಾಬಾ-ಎ ಕೆಲಸ ಹೆಚ್ಚಿಸುತ್ತದೆ, ಎನ್‌ಎಂಡಿಎ ಕೆಲಸ ಕುಗ್ಗಿಸುತ್ತದೆ. ಕುಡಿದ ರಾತ್ರಿ ಏನು ನಡೆಯಿತು ಅಂತ ಬೆಳಿಗ್ಗೆ ನೆನಪಿಲ್ಲದಿರುವುದರಲ್ಲಿ ಈ ಎನ್‌ಎಂಡಿಎ ಕುಗ್ಗಿದ್ದರ ಪಾಲು ದೊಡ್ಡದು.

ಹಾಗಾದರೆ ಬಿಟ್ಟಾಗ ಮಿದುಳು ಮಾಮೂಲಿ ಸ್ಥಿತಿಗೆ ಬರಬೇಕಲ್ವಾ?

ಬರಬೇಕಿತ್ತು, ಮಿದುಳು ಅಷ್ಟು ವರ್ಷ ಸುಮ್ಮನೆ ಕೂತಿದ್ದರೆ. ಅದು ಕೂರುವುದಿಲ್ಲ. ದಿನವೂ ಮಂಪರು ಹಿಡಿಸುವ ಪದಾರ್ಥ ಬರುತ್ತಿದೆ ಅಂತ ಗೊತ್ತಾದ ಮೇಲೆ ಅದು ಎದುರು ಬದಿಗೆ ಜಗ್ಗಲು ಶುರುಮಾಡುತ್ತದೆ. ಗಾಬಾ-ಎ ರಿಸೆಪ್ಟರ್‌ಗಳು ಮಂದವಾಗುತ್ತವೆ, ಅವುಗಳ ತುಂಡುಗಳೇ ಬದಲಾಗುತ್ತವೆ. ಎನ್‌ಎಂಡಿಎ ರಿಸೆಪ್ಟರ್‌ಗಳು ಜಾಸ್ತಿಯಾಗುತ್ತವೆ. ಹಗ್ಗಜಗ್ಗಾಟ ಇದ್ದ ಹಾಗೆ. ಎರಡೂ ಕಡೆ ಜೋರಾಗಿ ಎಳೆಯುತ್ತಿದ್ದರೆ ಹಗ್ಗ ನಡುವೆಯೇ ನಿಂತಿರುತ್ತದೆ, ನೋಡಿದವರಿಗೆ ಏನೂ ಆಗುತ್ತಿಲ್ಲ ಅನ್ನಿಸುತ್ತದೆ. ಮೂರು ಕ್ವಾರ್ಟರ್ ಹಾಕಿಯೂ ಆ ಡ್ರೈವರ್ ಮನೆಗೆ ನೆಟ್ಟಗೆ ನಡೆದು ಬರುತ್ತಿದ್ದದ್ದು ಹೀಗೆ. ಭಾನುವಾರ ರಾತ್ರಿ ಒಂದು ಕಡೆಯವರು ಥಟ್ಟನೆ ಹಗ್ಗ ಬಿಟ್ಟರು. ಇನ್ನೊಂದು ಕಡೆಯವರು ಎಳೆಯುತ್ತಲೇ ಇದ್ದಾರೆ.

ಈಗ ಅವರ ದಿನಚರಿ ಮತ್ತೆ ನೋಡಿ. ಕೊನೆಯ ಗ್ಲಾಸಿನಿಂದ ಎಂಟೂವರೆ ಗಂಟೆಗೆ ನಡುಕ. 32 ಗಂಟೆಗೆ ಫಿಟ್ಸ್. ಮೂರು ದಿನ ತುಂಬುವ ಹೊತ್ತಿಗೆ ಇರುವೆ ಸಾಲು. ಪುಸ್ತಕದಲ್ಲೂ ಇಷ್ಟೇ ಇದೆ: ನಡುಕ 6ರಿಂದ 12 ಗಂಟೆಯೊಳಗೆ, ಫಿಟ್ಸ್ ಹೆಚ್ಚಾಗಿ 48 ಗಂಟೆಯೊಳಗೆ, ಸನ್ನಿ 48ರಿಂದ 96 ಗಂಟೆ ನಡುವೆ. ಈ ಸನ್ನಿಗೆ ಡೆಲಿರಿಯಂ ಟ್ರೆಮೆನ್ಸ್ ಅನ್ನುತ್ತಾರೆ. ರಿಸೆಪ್ಟರ್‌ಗಳು ಹಳೆಯ ಸ್ಥಿತಿಗೆ ಮರಳಲು ದಿನಗಟ್ಟಲೆ, ವಾರಗಟ್ಟಲೆ ಬೇಕು. ರಕ್ತದಲ್ಲಿನ ಆಲ್ಕೋಹಾಲ್ ಖಾಲಿಯಾಗಲು ಒಂದು ದಿನ ಸಾಕು. ಆ ನಡುವಿನ ಅಂತರದಲ್ಲೇ ಎಲ್ಲಾ ಅನಾಹುತ.

ದೆವ್ವ ಮೆಟ್ಟಿಕೊಂಡಿದೆಯೋ, ಹುಚ್ಚು ಹಿಡಿಯಿತೋ ಅಂತ ಹೆದರಿದ್ದೆವು. ಹೇಗೆ ಗುರುತಿಸುವುದು?

ಮೊದಲು ಗಂಟೆ ಲೆಕ್ಕ ಹಾಕಿ, ಕೊನೆಯ ಗ್ಲಾಸ್ ಯಾವಾಗ ಅಂತ. ಆಮೇಲೆ ಮೂರು ಪ್ರಶ್ನೆ ಕೇಳಿ: ಇವತ್ತು ಯಾವ ವಾರ, ಇದು ಯಾವ ಜಾಗ, ಎದುರಿಗಿರುವವರು ಯಾರು. ಬರೀ ದನಿ ಕೇಳಿಸುತ್ತಿದೆ, ಆದರೆ ವಾರ, ಜಾಗ ಎಲ್ಲಾ ಸರಿ ಹೇಳುತ್ತಾರೆ ಅಂದರೆ ಅದು ಬೇರೆ ತೊಂದರೆ. ವಾರ, ಜಾಗ ತಪ್ಪಿ, ಒಂದು ಗಂಟೆ ಸರಿಯಿದ್ದು ಮತ್ತೆ ಕೆಟ್ಟು, ರಾತ್ರಿ ಜೋರಾಗುತ್ತಿದೆ ಅಂದರೆ ಸನ್ನಿ. ಜೊತೆಗೆ ಬೆವರು, ಓಡುವ ನಾಡಿ, ಜ್ವರ ಇರುತ್ತದೆ.

ನಮ್ಮ ಹಳೆಯ ಮೇಷ್ಟ್ರೊಬ್ಬರು ಒಂದು ಪರೀಕ್ಷೆ ತೋರಿಸಿದ್ದರು. ಬೆರಳ ತುದಿಯಲ್ಲಿ ದಾರ ಹಿಡಿದವರ ಹಾಗೆ ನಟಿಸಿ 'ತಗೊಳ್ಳಿ ಈ ದಾರ' ಅನ್ನಿ. ಸನ್ನಿಯಲ್ಲಿದ್ದವರು ಕೈ ಚಾಚಿ ಇಲ್ಲದ ದಾರವನ್ನು ತೆಗೆದುಕೊಳ್ಳುತ್ತಾರೆ. ಡ್ರೈವರ್ ತಗೊಂಡರು, ಬೆರಳಿಗೆ ಸುತ್ತಿಯೂ ಸುತ್ತಿದರು.

ಇದು ತಮಾಷೆ ಅಲ್ಲ. ಸರಿಯಾದ ಚಿಕಿತ್ಸೆ ಇಲ್ಲದ ಕಾಲದಲ್ಲಿ ಹೀಗಾದವರಲ್ಲಿ ಹೆಚ್ಚುಕಮ್ಮಿ ಮೂವರಲ್ಲಿ ಒಬ್ಬರು ಸಾಯುತ್ತಿದ್ದರು. ಈಗ ಬೇಗ ಕರೆತಂದರೆ ಬಹುತೇಕ ಎಲ್ಲರೂ ಉಳಿಯುತ್ತಾರೆ.

ಫಿಟ್ಸ್ ಬಂದಾಗ ಕೈಗೆ ಕಬ್ಬಿಣ ಕೊಟ್ಟಿದ್ದು ತಪ್ಪಾ?

ಪ್ರಯೋಜನ ಇಲ್ಲ. ಎರಡು ಮೂರು ನಿಮಿಷದಲ್ಲಿ ಫಿಟ್ಸ್ ತಾನಾಗಿ ನಿಲ್ಲುತ್ತದೆ, ಹೆಸರು ಕೀಲಿ ಗೊಂಚಲಿಗೆ ಹೋಗುತ್ತದೆ. ಒಂದು ಪಕ್ಕಕ್ಕೆ ಮಲಗಿಸಿ, ಬಾಯಿಗೆ ಏನೂ ತುರುಕಬೇಡಿ, ನೀರೂ ಬೇಡ. ಐದು ನಿಮಿಷ ದಾಟಿದರೆ ಅಥವಾ ಪ್ರಜ್ಞೆ ಬರುವ ಮೊದಲೇ ಇನ್ನೊಂದು ಬಂದರೆ ತಕ್ಷಣ 108ಕ್ಕೆ ಫೋನ್ ಮಾಡಿ.

ಫಿಟ್ಸ್ ಮಾತ್ರೆ ಕೊಟ್ಟಿದ್ದರಲ್ಲ, ಅದು ಯಾಕೆ ತಡೆಯಲಿಲ್ಲ?

ಅವರಿಗೆ ಕೊಟ್ಟದ್ದು ಫೆನಿಟಾಯಿನ್. ಅದು ಕೋಶದ ಸೋಡಿಯಂ ಬಾಗಿಲ ಮೇಲೆ ಕೆಲಸ ಮಾಡುತ್ತದೆ. ಅಪಸ್ಮಾರ ಇರುವವರಿಗೆ ಒಳ್ಳೆಯ ಮಾತ್ರೆ. ಆದರೆ ಇಲ್ಲಿ ಕೆಟ್ಟಿರುವುದು ಗಾಬಾ ಕಡೆ. ಕುಡಿತ ಬಿಟ್ಟಾಗ ಬರುವ ಫಿಟ್ಸ್ ಮರುಕಳಿಸದಂತೆ ತಡೆಯುವುದರಲ್ಲಿ ಫೆನಿಟಾಯಿನ್ ಖಾಲಿ ಮಾತ್ರೆಗಿಂತ ಮೇಲಲ್ಲ ಅಂತ ಪರೀಕ್ಷೆ ಮಾಡಿ ನೋಡಿಯಾಗಿದೆ. ಬೇಕಿದ್ದದ್ದು ಗಾಬಾ-ಎ ಮೇಲೆ ಕೂರುವ ಬೆಂಜೋಡಯಜೆಪೈನ್ ಗುಂಪಿನ ಔಷಧ: ಡಯಜೆಪಾಮ್, ಕ್ಲೋರ್‌ಡಯಜೆಪಾಕ್ಸೈಡ್, ಲೋರಾಜೆಪಾಮ್.

ಇವು ಗಾಬಾ ಕೂರುವ ಜಾಗದಲ್ಲಿ ಕೂರುವುದಿಲ್ಲ, ಪಕ್ಕದ ಇನ್ನೊಂದು ಜಾಗದಲ್ಲಿ ಕೂತು ಗಾಬಾ ಬಂದಾಗಲೆಲ್ಲ ಬಾಗಿಲು ಹೆಚ್ಚು ಸಲ ತೆರೆಯುವ ಹಾಗೆ ಮಾಡುತ್ತವೆ. ಗಾಬಾ ಇಲ್ಲದಿದ್ದರೆ ಇವು ತಾವಾಗಿ ಬಾಗಿಲು ತೆರೆಯಲಾರವು. ಹಳೆಯ ಕಾಲದ ಬಾರ್ಬಿಚುರೇಟ್ ಔಷಧಗಳು ಹಾಗಲ್ಲ, ಡೋಸ್ ಜಾಸ್ತಿಯಾದರೆ ಗಾಬಾ ಇಲ್ಲದೆಯೂ ಬಾಗಿಲನ್ನು ತೆರೆದು ಹಿಡಿಯುತ್ತವೆ, ಉಸಿರಾಟ ನಿಂತುಹೋಗುತ್ತದೆ. ಹಾಗಂತ ಬೆಂಜೋ ಗುಂಪನ್ನು ಹೆಂಡದ ಜೊತೆ ಸೇರಿಸಿದರೂ ಉಸಿರು ನಿಲ್ಲಬಹುದು. ಇಬ್ಬರೂ ಅದೇ ರಿಸೆಪ್ಟರ್ ಮೇಲೆ ಬೀಳುತ್ತಾರೆ. ಮೆಡಿಕಲ್ ಸ್ಟೋರ್‌ನಿಂದ ತಂದು ಮನೆಯಲ್ಲೇ ಕೊಡುತ್ತೇವೆ ಅನ್ನುವವರಿಗೆ ನಾನು ಬೇಡ ಅನ್ನುವುದು ಇದಕ್ಕೇ.

ನಿಮ್ಮಲ್ಲಿ ಏನು ಮಾಡಿದಿರಿ? ಗ್ಲೂಕೋಸ್ ಹಾಕಿ ಅಂದರೆ ಮೊದಲು ಬೇರೆ ಇಂಜೆಕ್ಷನ್ ಹಾಕಿದಿರಿ.

ಅವರ ಕಣ್ಣು ಸ್ವಲ್ಪ ಹಳದಿ ಇತ್ತು. ಡಯಜೆಪಾಮ್ ದೇಹದಲ್ಲಿ ಬಹಳ ದಿನ ಉಳಿಯುತ್ತದೆ, ತಾನಾಗಿ ನಿಧಾನಕ್ಕೆ ಇಳಿಯುತ್ತದೆ, ಅದು ಒಳ್ಳೆಯದೇ. ಆದರೆ ಅದನ್ನು ಒಡೆಯುವ ಕೆಲಸ ಲಿವರ್‌ದು, ಲಿವರ್ ಕೆಟ್ಟಿದ್ದರೆ ಔಷಧ ಗುಡ್ಡೆಯಾಗುತ್ತದೆ. ಅದಕ್ಕೆ ಲೋರಾಜೆಪಾಮ್ ಆರಿಸಿದೆವು, ಇದನ್ನು ಸೋತ ಲಿವರ್ ಕೂಡ ನಿಭಾಯಿಸಬಲ್ಲದು. ಎರಡು ಮಿಲಿಗ್ರಾಂ ನರಕ್ಕೆ ಕೊಟ್ಟು, ಸ್ವಲ್ಪ ಹೊತ್ತು ನೋಡಿ, ಮತ್ತೆ ಎರಡು. ಗುರಿ ಏನೆಂದರೆ ಕಣ್ಣು ಮುಚ್ಚಿರಬೇಕು, ಕರೆದರೆ ತೆರೆಯಬೇಕು. ಮೊದಲ 24 ಗಂಟೆಯಲ್ಲಿ ಸುಮಾರು 30 ಮಿಲಿಗ್ರಾಂ ಆಯಿತು. ಮಾಮೂಲಿ ಮನುಷ್ಯ ಇಷ್ಟಕ್ಕೆ ಎಚ್ಚರವೇ ಆಗುತ್ತಿರಲಿಲ್ಲ. ಮಂದವಾದ ರಿಸೆಪ್ಟರ್ ಅಂದರೆ ಏನು ಅಂತ ವಿದ್ಯಾರ್ಥಿಗಳಿಗೆ ತೋರಿಸಲು ಇದಕ್ಕಿಂತ ಒಳ್ಳೆಯ ಉದಾಹರಣೆ ಇಲ್ಲ.

ಗ್ಲೂಕೋಸ್ ವಿಷಯ. ವರ್ಷಗಟ್ಟಲೆ ಸರಿಯಾಗಿ ಊಟ ಮಾಡದೆ ಕುಡಿದವರ ಮೈಯಲ್ಲಿ ಬಿ1, ಅಂದರೆ ಥಯಮಿನ್ ಖಾಲಿಯಾಗಿರುತ್ತದೆ. ಗ್ಲೂಕೋಸ್ ಉರಿಸಲು ಥಯಮಿನ್ ಬೇಕೇ ಬೇಕು. ಬರೀ ಗ್ಲೂಕೋಸ್ ಬಾಟಲ್ ಏರಿಸಿದರೆ ಉಳಿದ ಚೂರು ಥಯಮಿನ್ನೂ ಖರ್ಚಾಗಿ ಮಿದುಳಿನ ಒಳಭಾಗದ ಕೋಶಗಳು ಸಾಯಬಹುದು. ಕಣ್ಣು ಗುಡ್ಡೆ ಸರಿಯಾಗಿ ತಿರುಗದಿರುವುದು, ನಡಿಗೆ ತೂರಾಡುವುದು, ಗೊಂದಲ, ಇವು ಅದರ ಗುರುತು. ಆಮೇಲೆ ನೆನಪಿನ ಶಕ್ತಿ ಶಾಶ್ವತವಾಗಿ ಹೋಗಬಹುದು. ಹಾಗಾಗಿ ಮೊದಲು ಥಯಮಿನ್ ಇಂಜೆಕ್ಷನ್, ಆಮೇಲೆ ಗ್ಲೂಕೋಸ್. ಸಕ್ಕರೆ ಅಂಶ ತೀರಾ ಇಳಿದಿದ್ದರೆ ಮಾತ್ರ ಕಾಯುವಂತಿಲ್ಲ, ಎರಡೂ ಒಟ್ಟಿಗೆ.

ಕಿರುಚಾಡುವಾಗ ಒಂದು ನಿದ್ದೆ ಇಂಜೆಕ್ಷನ್ ಕೊಟ್ಟು ಮಲಗಿಸಬಹುದಿತ್ತಲ್ಲ? ಪಕ್ಕದ ಬೆಡ್‌ನವರಿಗೆ ಕೊಟ್ಟಿರಿ.

ಪಕ್ಕದ ಬೆಡ್‌ನವರಿಗೆ ಕೊಟ್ಟದ್ದು ಹ್ಯಾಲೊಪೆರಿಡಾಲ್. ಅದು ಡೋಪಮೈನ್‌ನ ಡಿ2 ರಿಸೆಪ್ಟರ್ ಮೇಲೆ ಕೂತು ದಾರಿ ಮುಚ್ಚುತ್ತದೆ. ಅವರಿಗೆ ಸ್ಕಿಜೋಫ್ರೇನಿಯಾ ಇದೆ, ಅಲ್ಲಿ ಭ್ರಮೆಗೆ ಡೋಪಮೈನ್ ದಾರಿಗೂ ನಂಟು ಇದೆ. ನಿಮ್ಮವರಿಗೂ ಭ್ರಮೆ ಇದೆ, ಇವರಿಗೂ ಇದೆ, ಹೊರಗಿನಿಂದ ಒಂದೇ ಥರ. ಆದರೆ ನಿಮ್ಮವರದ್ದು ಗಾಬಾ ಕೊರತೆಯಿಂದ ಹುಟ್ಟಿದ್ದು. ಬರೀ ಹ್ಯಾಲೊಪೆರಿಡಾಲ್ ಕೊಟ್ಟರೆ ಆ ಕೊರತೆ ಹಾಗೇ ಉಳಿಯುತ್ತದೆ, ಮೇಲಾಗಿ ಫಿಟ್ಸ್ ಬರುವ ಸಾಧ್ಯತೆ ಹೆಚ್ಚುತ್ತದೆ. ಬೆಂಜೋ ಸಾಕಷ್ಟು ಕೊಟ್ಟ ಮೇಲೂ ಹತೋಟಿಗೆ ಬರದಿದ್ದರೆ ಸ್ವಲ್ಪ ಸೇರಿಸುವುದುಂಟು.

ಡೋಪಮೈನ್ ಅಂದರೆ ಖುಷಿಯ ರಾಸಾಯನಿಕ ಅಂತ ರೀಲ್ಸ್‌ನಲ್ಲಿ ಹೇಳುತ್ತಾರೆ. ನಿಜವಾ?

ಅರ್ಧಂಬರ್ಧ. 1957ರಲ್ಲಿ ಸ್ವೀಡನ್ನಿನ ಆರ್ವಿಡ್ ಕಾರ್ಲ್‌ಸನ್ ಮೊಲಗಳಿಗೆ ರೆಸರ್ಪಿನ್ ಕೊಟ್ಟರು. ಅದು ನಮ್ಮ ಸರ್ಪಗಂಧದ ಬೇರಿನಲ್ಲಿರುವ ಪದಾರ್ಥ. ಮೊಲಗಳು ಕಿವಿ ಜೋತುಬಿಟ್ಟು ಅಲ್ಲಾಡದೆ ಬಿದ್ದುಕೊಂಡವು. ಡೋಪಮೈನ್ ಆಗಿ ಬದಲಾಗುವ ಎಲ್-ಡೋಪಾ ಚುಚ್ಚಿದ ಸ್ವಲ್ಪ ಹೊತ್ತಿಗೆ ಎದ್ದು ಓಡಾಡಿದವು. ಪಾರ್ಕಿನ್ಸನ್ ಕಾಯಿಲೆಗೆ ಈಗಲೂ ಕೊಡುವ ಮುಖ್ಯ ಮದ್ದು ಅಲ್ಲಿಂದ ಬಂತು, 2000ದಲ್ಲಿ ಅವರಿಗೆ ನೊಬೆಲ್ ಬಂತು. ಅಂದರೆ ಡೋಪಮೈನ್ ಇಲ್ಲದಿದ್ದರೆ ಖುಷಿ ಹಾಗಿರಲಿ, ಕೈಕಾಲೇ ಆಡುವುದಿಲ್ಲ.

ಚಟದ ಲೆಕ್ಕದಲ್ಲಿ ಡೋಪಮೈನ್ ಮಾಡುವ ಕೆಲಸ 'ಬೇಕು' ಅನ್ನಿಸುವುದು. ಕುಡಿತ ಬಿಟ್ಟು ಮೂರು ತಿಂಗಳಾದವರು ವೈನ್ ಶಾಪ್ ಬೋರ್ಡ್ ಕಂಡ ಕೂಡಲೇ ಬಾಯಲ್ಲಿ ನೀರೂರುವುದು ಇದರಿಂದ. ಕುಡಿದರೆ ಸಿಗುವ ಸುಖ ಎಷ್ಟೋ ವರ್ಷದ ಹಿಂದೆಯೇ ಮುಗಿದಿರುತ್ತದೆ, ಬಹಳ ಜನ ತಾವೇ ಹೇಳುತ್ತಾರೆ. ಬೇಕು ಅನ್ನುವುದು ಮಾತ್ರ ಉಳಿದಿರುತ್ತದೆ.

ಬಿಟ್ಟ ಮೇಲೆ ಮಂಕಾಗಿ ಕೂತಿರುತ್ತಾರೆ. ಸೆರೊಟೋನಿನ್ ಕಮ್ಮಿಯಾಗಿದೆಯಾ?

ಅಳೆದು ಹೇಳುವ ಹಾಗಿಲ್ಲ. ದೇಹದ ಸೆರೊಟೋನಿನ್ ನೂರಕ್ಕೆ ತೊಂಬತ್ತರಷ್ಟು ಇರುವುದು ಹೊಟ್ಟೆ, ಕರುಳಿನಲ್ಲಿ. ರಕ್ತದಲ್ಲಿ ನೋಡಿದರೆ ಮಿದುಳಿನದ್ದು ತಿಳಿಯುವುದಿಲ್ಲ, ಆ ಟೆಸ್ಟಿಗೆ ದುಡ್ಡು ಹಾಕಬೇಡಿ. ಕುಡಿತದ ಜೊತೆ ಬಂದ ಮಂಕು ಎಷ್ಟೋ ಜನರಲ್ಲಿ ಬಿಟ್ಟ ಎರಡರಿಂದ ನಾಲ್ಕು ವಾರದಲ್ಲಿ ತಾನಾಗಿ ಹಗುರಾಗುತ್ತದೆ. ಆಗಲೂ ಹೋಗದಿದ್ದರೆ, ಮೊದಲೇ ಖಿನ್ನತೆ ಇದ್ದಿದ್ದರೆ, ಸೆರೊಟೋನಿನ್ ಮೇಲೆ ಕೆಲಸ ಮಾಡುವ ಮಾತ್ರೆ ಶುರುಮಾಡುತ್ತೇವೆ. ಸಾಯುವ ಮಾತಾಡಿದರೆ ಮಾತ್ರ ವಾರ ಎಣಿಸುತ್ತಾ ಕೂರಬಾರದು, ಅವತ್ತೇ ಕರೆತನ್ನಿ. ಟೆಲಿ ಮನಸ್ 14416ಕ್ಕೆ ಯಾವ ಹೊತ್ತಿನಲ್ಲಾದರೂ ಫೋನ್ ಮಾಡಬಹುದು, ಕನ್ನಡದಲ್ಲೇ ಮಾತಾಡಬಹುದು.

ಆನ್‌ಲೈನ್‌ನಲ್ಲಿ ಗಾಬಾ ಮಾತ್ರೆ ಸಿಗುತ್ತದೆ. ಅದನ್ನೇ ಕೊಟ್ಟರೆ?

ಬಾಯಿಂದ ತಗೊಂಡ ಗಾಬಾ ರಕ್ತದಿಂದ ಮಿದುಳಿಗೆ ದಾಟುವುದು ತೀರಾ ಕಮ್ಮಿ. ಸನ್ನಿ, ಫಿಟ್ಸ್ ವಿಷಯದಲ್ಲಿ ಅದನ್ನು ನಂಬಿ ಕೂತರೆ ಆ ಮೂರು ದಿನ ಕೈ ಮೀರುತ್ತದೆ.

ಪ್ರತಿ ವರ್ಷ ಮಾಲೆ ಹಾಕುತ್ತಾರೆ, ಮೊದಲೆಲ್ಲ ಬರೀ ಕೈ ನಡುಗುತ್ತಿತ್ತು. ಈ ಸಲ ಯಾಕೆ ಇಷ್ಟಾಯಿತು?

ಒಳ್ಳೆಯ ಪ್ರಶ್ನೆ, ಡಾಕ್ಟರುಗಳೂ ಇದನ್ನು ಕೇಳುವುದು ಮರೆಯುತ್ತಾರೆ. ಪ್ರತಿ ಸಲ ಥಟ್ಟನೆ ಬಿಟ್ಟಾಗಲೂ ಮಿದುಳಿನ ಕೆರಳುವ ಗುಣ ಸ್ವಲ್ಪ ಸ್ವಲ್ಪ ಹೆಚ್ಚುತ್ತದೆ. ಹೋದ ಸಲ ನಡುಕ, ಈ ಸಲ ಫಿಟ್ಸ್, ಮುಂದಿನ ಸಲ ಸನ್ನಿ, ಹೀಗೆ ಮೆಟ್ಟಿಲು ಹತ್ತುತ್ತದೆ. ಇವರು ಏಳು ಸಲ ಬಿಟ್ಟಿದ್ದರು, ಏಳೂ ಸಲ ಮಾಲೆ ಬಿಚ್ಚಿದ ಸಂಜೆಯೇ ಮತ್ತೆ ಶುರು.

ಅದಕ್ಕೇ ಮನೆಗೆ ಕಳಿಸುವಾಗ ಮುಂದಿನ ಮಾತ್ರೆಯ ಮಾತು ಬರುತ್ತದೆ. ಅಕಾಂಪ್ರೊಸೇಟ್ ಗ್ಲುಟಮೇಟ್ ಕಡೆಯ ಕೆರಳುವಿಕೆಯನ್ನು ತಗ್ಗಿಸುತ್ತದೆ ಅಂತ ತಿಳಿಯಲಾಗಿದೆ, ಕಿಡ್ನಿ ಸರಿಯಿರಬೇಕು. ಬ್ಯಾಕ್ಲೊಫೆನ್ ಗಾಬಾ-ಬಿ ಅನ್ನುವ ಇನ್ನೊಂದು ಗಾಬಾ ರಿಸೆಪ್ಟರ್ ಮೇಲೆ ಕೆಲಸ ಮಾಡುತ್ತದೆ, ಲಿವರ್ ಸೋತವರಿಗೆ ಅನುಕೂಲ. ಡೈಸಲ್ಫಿರಾಮ್‌ಗೂ ಈ ರಿಸೆಪ್ಟರ್‌ಗಳಿಗೂ ಸಂಬಂಧ ಇಲ್ಲ, ಅದು ಕುಡಿದರೆ ಮೈ ಕೆಂಪಾಗಿ ವಾಂತಿಯಾಗಿ ಎದೆ ಹೊಡೆದುಕೊಳ್ಳುವ ಹಾಗೆ ಮಾಡುತ್ತದೆ. ಅದನ್ನು ಸಾಂಬಾರಿನಲ್ಲಿ ಗೊತ್ತಿಲ್ಲದ ಹಾಗೆ ಬೆರೆಸಿ ಕೊಡುವ ಮನೆಗಳಿವೆ. ದಯವಿಟ್ಟು ಬೇಡ, ಬಿಪಿ ಕುಸಿದು ಜೀವಕ್ಕೇ ಬರುತ್ತದೆ.

ಹಾಗಾದರೆ ಮುಂದಿನ ವರ್ಷ ಮಾಲೆ ಹಾಕಬಾರದಾ?

ಹಾಕಲಿ. ಮತ್ತೆ ಕುಡಿತ ಶುರುವಾಗಿದ್ದರೆ ಮಾಲೆಗೆ ಹದಿನೈದು ದಿನ ಮೊದಲು ಬರಲಿ. ದಿನವೂ ಕುಡಿಯುವವರು, ಬೆಳಿಗ್ಗೆ ಎದ್ದು ಕುಡಿಯುವವರು, ಒಮ್ಮೆ ಫಿಟ್ಸ್ ಬಂದವರು ಅಡ್ಮಿಟ್ ಆಗಲೇಬೇಕು. ಮೊದಲ ದಿನ ತುಂಬು ಡೋಸ್, ಆಮೇಲೆ ದಿನಕ್ಕೆ ಐದನೇ ಒಂದು ಭಾಗದಷ್ಟು ಇಳಿಸುತ್ತಾ ಒಂದು ವಾರದಲ್ಲಿ ಬೆಂಜೋ ನಿಲ್ಲಿಸುತ್ತೇವೆ. ಹೆಚ್ಚು ದಿನ ಕೊಟ್ಟರೆ ಅದೇ ಇನ್ನೊಂದು ಚಟ.

ಆ ಡ್ರೈವರ್ ಮುಂದಿನ ಅಕ್ಟೋಬರ್ ಕೊನೆಯಲ್ಲಿ ತಾವೇ ಬಂದರು. ನಡುವೆ ನಾಲ್ಕು ತಿಂಗಳು ಬಿಟ್ಟಿದ್ದರು, ಮತ್ತೆ ದಿನಕ್ಕೆ ಒಂದೂವರೆ ಕ್ವಾರ್ಟರ್‌ಗೆ ಬಂದಿದ್ದರು. ಎಂಟು ದಿನ ಇದ್ದರು, ಒಂದು ಸಲ ಕೈ ನಡುಗಿದ್ದು ಬಿಟ್ಟರೆ ಏನೂ ಆಗಲಿಲ್ಲ. ಹೋಗುವಾಗ ಮಾತ್ರೆ ಕವರ್ ಹಿಡಿದುಕೊಂಡು, 'ಸಾರ್, ವ್ರತದಲ್ಲಿ ಇದನ್ನ ತಗೊಂಡ್ರೆ ತಪ್ಪಾಗಲ್ವಾ?' ಅಂತ ಕೇಳಿದರು. ಗುರುಸ್ವಾಮಿಯನ್ನೇ ಕೇಳಿ ಅಂದೆ. ಅಲ್ಲೇ ನಿಂತು ಫೋನ್ ಮಾಡಿದರು. ಆ ಕಡೆಯಿಂದ ಬಂದ ಉತ್ತರ ನನಗೂ ಕೇಳಿಸಿತು: 'ನಾನೂ ಬಿಪಿ ಮಾತ್ರೆ ತಗೊಂಡೇ ಬೆಟ್ಟ ಹತ್ತೋದು, ಸುಮ್ನೆ ನುಂಗು ಸ್ವಾಮಿ.'